ಬೀದಿನಾಯಿಯ ಸುತ್ತು ಬರೆಯುವಾಗ ನಾನು ಹಿಡಿದ ದಾರಿ

ಒಂದು ಬೀದಿನಾಯಿ ದಿನವೂ ಹಾಕುವ ಸುತ್ತನ್ನು ಅದರ ಕಣ್ಣು, ಕಿವಿ, ಮೂಗಿನಿಂದಲೇ ಹೇಳುವ ಕಥೆ ಇದು. ಕಥೆಗೆ ಮೊದಲು ನಕ್ಷೆ ಬರೆದುಕೊಂಡೆ. ಮಲ್ಪೆ ಬಂದರಿನಲ್ಲಿ ಮೀನು ಹರಾಜಾಗುವ ಜಾಗ, ಅದರ ಹಿಂದಿನ ಓಣಿಯ ಒಂದು ಮನೆ, ಕಡಲ ಬದಿಯ ಗಾಳಿಮರಗಳು, ಇಷ್ಟೇ. ಸುತ್ತು ಹೆಚ್ಚೆಂದರೆ ಒಂದು ಕಿಲೋಮೀಟರಿನೊಳಗೆ ಮುಗಿಯಬೇಕು. ದಿನವೂ ಉಡುಪಿಯ ರಥಬೀದಿಯವರೆಗೆ ಹೋಗಿ ಬರುವಂತೆ ಬರೆದರೆ ದಾರಿಯುದ್ದಕ್ಕೂ ಬೇರೆ ನಾಯಿಗಳ ಜಾಗ ದಾಟಿಸಬೇಕು. ಅಂಥ ನಾಯಿಯನ್ನು ಊರಿನವರು ನಂಬುವುದಿಲ್ಲ.

ನಾಯಿಯ ಕಣ್ಣು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿರುತ್ತದೆ. ಹಾಗಾಗಿ ಚಪ್ಪಲಿ, ಸೀರೆಯಂಚು, ಕೈಚೀಲ ಎಲ್ಲಕ್ಕಿಂತ ಮೊದಲು ಬಂದವು. ಮುಖಗಳನ್ನು ಜನ ಕೂತಾಗ ಮಾತ್ರ ತೋರಿಸಿದೆ. ನೀಲಿ, ಹಳದಿ ಉಳಿಸಿಕೊಂಡೆ. ಕೆಂಪು, ಹಸಿರು ನಾಯಿಗೆ ಸರಿಯಾಗಿ ಬೇರೆಯಾಗಿ ಕಾಣವು, ಅವನ್ನು ಬಿಟ್ಟೆ. ಗಡಿಯಾರದ ಹೊತ್ತೂ ಬೇಡ. ಬೋಟಿನ ಎಂಜಿನ್ ನಿಲ್ಲುವುದು, ಮಂಜುಗಡ್ಡೆ ಪುಡಿಯಾಗುವುದು, ಬುಟ್ಟಿ ಎಳೆಯುವುದು, ಈ ಸದ್ದುಗಳ ಸಾಲೇ ಬೆಳಗಿನ ಲೆಕ್ಕ.

ಕಥೆಯ ಒಡಲು ಒಬ್ಬ ಗಂಡಸಿನದು. ಕೆಲಸ ಹೋಗಿದೆ, ಮನೆಯಲ್ಲಿ ಹೇಳಿಲ್ಲ. ಇದನ್ನು ಒಂದು ಸಲವೂ ಬರೆಯದೆ ಓದುಗರಿಗೆ ದಾಟಿಸಬೇಕಿತ್ತು. ಅದಕ್ಕೆ ವಾಸನೆಯನ್ನು ಹಿಡಿದೆ. ಬೆಳಿಗ್ಗೆ ಓಣಿಯ ಮನೆಯ ಗೇಟಿನ ಬಳಿ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಪಾಲಿಶ್ ಹಾಕಿದ ಬೂಟು ಹೊರಗೆ ಬರುತ್ತದೆ, ಜೊತೆಗೆ ಬುತ್ತಿಚೀಲ. ಮುಂದೆ ಗಾಳಿಮರದ ಬುಡದಲ್ಲಿ ಬುತ್ತಿ ತೆರೆದಾಗ ಅದೇ ಒಗ್ಗರಣೆ, ಅದೇ ಬೂಟು, ಈಗ ಮರಳು ಮೆತ್ತಿದೆ. ಎರಡು ಜಾಗವನ್ನು ನಾಯಿಯ ಮೂಗು ಜೋಡಿಸುತ್ತದೆ, ಹೆಸರು ಬೇಕಾಗುವುದಿಲ್ಲ. ಸಂಜೆ ಗೇಟಿನ ಮುಂದೆ ಆತ ಬೂಟು ಕೊಡವುವುದನ್ನು ಒಂದೇ ಸಾಲಿನಲ್ಲಿ ಬರೆದೆ.

ಮೊದಲ ದಿನವನ್ನು ಪೂರ್ತಿ ಬರೆದು, ಎರಡನೆಯದನ್ನು ನಾಲ್ಕು ಸಾಲಿಗೆ ಇಳಿಸಿ, ಮೂರನೆಯದಕ್ಕೆ ಬೂಟು ಮತ್ತು ವಾಸನೆ ಮಾತ್ರ ಇಟ್ಟೆ. ಅಷ್ಟರಲ್ಲಿ ಓದುಗರಿಗೆ ರೂಢಿಯಾಗಿರುತ್ತದೆ. ಆಮೇಲೆ ಭಾನುವಾರ: ಮರದ ಕೆಳಗೆ ಯಾರೂ ಇಲ್ಲ, ನಾಯಿ ಕಾಯುತ್ತದೆ. ಅತ್ತ ಗೇಟಿನೊಳಗೆ ಅವೇ ಕಾಲುಗಳು ಬರಿಗಾಲಲ್ಲಿವೆ. ಗುಟ್ಟು ಬಿಡುವುದು ಇಲ್ಲಿ. ಭಾನುವಾರ ಎಂಬ ಪದವನ್ನೂ ಬಳಸಬಾರದು. ಅಂದು ಶಾಲೆಯ ಗಂಟೆ ಕೇಳಿಸುವುದಿಲ್ಲ, ಸಾಕು.

ಕರಡಿನಲ್ಲಿ ಕೆಡುವುದು ಹೆಚ್ಚಾಗಿ ಕ್ರಿಯಾಪದಗಳಿಂದ. ‘ಅಂದುಕೊಂಡಿತು’, ‘ಅರ್ಥವಾಯಿತು’, ‘ಪಾಪ’ ಬಂದಲ್ಲೆಲ್ಲ ಲೇಖಕ ನಾಯಿಯ ಬಾಯಲ್ಲಿ ಮಾತಾಡುತ್ತಿರುತ್ತಾನೆ. ಅಲ್ಲಿ ಕಿವಿ ನಿಮಿರುವುದು, ಹಿಂದೆ ಸರಿಯುವುದು, ನೆಲ ಮೂಸುವುದು ಇಟ್ಟೆ. ಜನರ ಮಾತನ್ನೂ ದನಿಯಾಗಿಯೇ ಉಳಿಸಿದೆ: ‘ಹಚಾ’ ಅನ್ನುವುದು ಕಲ್ಲಿಗಾಗಿ ಬಗ್ಗುವ ಕೈಯ ಜೊತೆಗೇ ಬರುತ್ತದೆ.

ಕಥೆಯನ್ನು ಜೂನ್ 1ರ ಆಚೆಗೂ ಎಳೆದೆ. ಅಂದಿನಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಬಂದರಿನಲ್ಲಿ ಮೀನಿನ ತಲೆ ಸಿಗದು, ನಾಯಿಗೆ ಬುತ್ತಿಯೇ ಗತಿ. ಮಳೆ ಸುರಿದು ಮರದ ಬುಡ ಕೂರಲಾಗದಂತಾದಾಗ ಆತ ಬಸ್ ತಂಗುದಾಣಕ್ಕೆ ಬರುತ್ತಾನೆ, ನಾಯಿಯೂ. ಅದು ಓಣಿಯ ಹೆಂಗಸರು ಬಸ್ ಹತ್ತುವ ಜಾಗ.