ಹದಿನೇಳು ಹಲ್ಲಿನ ಸ್ಪ್ರಾಕೆಟ್: ಕಣ್ಣಿಗೆ ಕಾಣದ ವ್ಯಾಸವೇ ಮೊದಲು

ಅಡಿಕೆ ಸುಲಿಯುವ ಕಾಲ ಬಂತೆಂದರೆ ಮಲೆನಾಡಿನ ಲೇತ್ ಅಂಗಡಿಗಳಿಗೆ ಸವೆದ ಸ್ಪ್ರಾಕೆಟ್‌ಗಳು ಬರತೊಡಗುತ್ತವೆ. ಹೆಚ್ಚಾಗಿ ಬರುವುದು ಮೋಟಾರಿನ ಕಡೆಯ ಚಿಕ್ಕದು. ಹಲ್ಲುಗಳೆಲ್ಲ ಒಂದೇ ಕಡೆಗೆ ವಾಲಿ ಕೊಕ್ಕೆಯಾಗಿರುತ್ತವೆ, ತುದಿಗಳು ಚೂಪಾಗಿರುತ್ತವೆ, ಸಂದುಗಳಲ್ಲಿ ಗ್ರೀಸು ಮತ್ತು ಸಿಪ್ಪೆಯ ನಾರು ಸೇರಿ ಗಟ್ಟಿಯಾಗಿರುತ್ತದೆ. ತಂದವರು ಕೇಳುವುದು ಒಂದೇ ಮಾತು: “ಇದನ್ನೇ ಅಳೆದು ಇದರ ಹಾಗೇ ಒಂದು ಮಾಡಿಕೊಡಿ ಮಾರಾಯ್ರೆ.”

ಹಾಗೆ ಮಾಡಲು ಬರುವುದಿಲ್ಲ. ಸವೆದ ಹಲ್ಲಿನ ತುದಿಯನ್ನು ಅಳೆದರೆ ಸಿಗುವುದು ಸವೆತದ ಅಳತೆ. ಹಳೆಯದರಿಂದ ನಂಬಿ ತೆಗೆದುಕೊಳ್ಳಬಹುದಾದದ್ದು ಹಲ್ಲಿನ ಎಣಿಕೆಯೊಂದೇ. ಅದರ ಜೊತೆಗೆ ಚೈನಿನ ಪಿಚ್ ಗೊತ್ತಿದ್ದರೆ ಸಾಕು, ಎರಡು ವ್ಯಾಸಗಳನ್ನೂ ಲೆಕ್ಕದಿಂದಲೇ ತೆಗೆಯಬಹುದು. ಒಂದು ಪಿಚ್ ವ್ಯಾಸ, ಅಂದರೆ ಚೈನು ಸುತ್ತಿ ಕೂತಾಗ ಅದರ ಪಿನ್ನುಗಳ ನಡುಬಿಂದುಗಳೆಲ್ಲ ಬೀಳುವ ವೃತ್ತದ ವ್ಯಾಸ. ಇನ್ನೊಂದು ಹೊರ ವ್ಯಾಸ, ಹಲ್ಲಿನ ತುದಿಗಳ ವೃತ್ತದ್ದು. ಮೊದಲನೆಯದು ಲೋಹದ ಮೇಲೆ ಎಲ್ಲೂ ಕಾಣುವುದಿಲ್ಲ, ಆದರೆ ಚೈನು ಸರಿಯಾಗಿ ಕೂರುವುದು ಅದರಿಂದ. ಎರಡನೆಯದು ವರ್ನಿಯರ್‌ಗೆ ಸುಲಭವಾಗಿ ಸಿಗುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಹಿಡಿದು ಕೂರುತ್ತಾರೆ.

ಇಲ್ಲಿ ಹಿಡಿದುಕೊಂಡಿರುವುದು 17 ಹಲ್ಲು, ಅರ್ಧ ಇಂಚು ಪಿಚ್‌ನ 08B ಚೈನು. ಈ ಗುರುತು ಸಾಮಾನ್ಯವಾಗಿ ಚೈನಿನ ಪಟ್ಟಿಯ ಮೇಲೇ ಒತ್ತಿರುತ್ತದೆ.

ಪಿಚ್ ಅಳೆಯುವುದು

ಪಿಚ್ ಎಂದರೆ ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಇರುವ ದೂರ. ಒಳಗಿನ ಕೊಂಡಿ ಒಂದು ಪಿಚ್, ಹೊರಗಿನ ಕೊಂಡಿ ಇನ್ನೊಂದು ಪಿಚ್. ಇವೆರಡನ್ನೂ ಸೇರಿಸಿ ಒಂದೆಂದು ಎಣಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಎಣಿಸಿದರೆ ಇಡೀ ಲೆಕ್ಕ ಎರಡು ಪಟ್ಟಾಗುತ್ತದೆ.

ಒಂದೇ ಕೊಂಡಿಯನ್ನು ಅಳೆಯಬೇಡಿ. ಚೈನನ್ನು ಬೆಂಚಿನ ಮೇಲೆ ಬಿಗಿಯಾಗಿ ಎಳೆದು, ಒಂದು ಪಿನ್ನಿನ ಎಡ ಅಂಚಿನಿಂದ ಶುರುಮಾಡಿ 24 ಪಿಚ್ ಎಣಿಸಿ, ಅಲ್ಲಿನ ಪಿನ್ನಿನ ಎಡ ಅಂಚಿನವರೆಗೆ ಅಳೆಯಿರಿ. ಅರ್ಧ ಇಂಚಿನ ಹೊಸ ಚೈನಾದರೆ ಅದು ಸರಿಯಾಗಿ 12 ಇಂಚು, 304.8 ಮಿಮೀ ಬರುತ್ತದೆ. ಬಳಸಿದ ಚೈನು 310 ಮಿಮೀ ತೋರಿಸಿದರೆ ಅದನ್ನು 24ರಿಂದ ಭಾಗಿಸಿ 12.92 ಎಂದು ಬರೆದುಕೊಳ್ಳಬಾರದು. ಆ ಚೈನು ಶೇಕಡಾ 1.7ರಷ್ಟು ಹಿಗ್ಗಿದೆ ಎಂದಷ್ಟೇ ಅದರ ಅರ್ಥ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಹೊಸ ಚೈನಿನ 12.7 ಮಾತ್ರ. ಹೊಸ ಸ್ಪ್ರಾಕೆಟ್ ಹಾಕುವಾಗ ಚೈನೂ ಹೊಸದಿರಲಿ.

ಪಿಚ್ ವ್ಯಾಸ

ಕೆಲಸ ಕಲಿಯುವ ದಿನಗಳಲ್ಲಿ ನಾನು ಇದನ್ನು ತಪ್ಪು ದಾರಿಯಿಂದ ತೆಗೆದಿದ್ದೆ. ಹದಿನೇಳು ಹಲ್ಲು, ಒಂದೊಂದಕ್ಕೆ 12.7, ಒಟ್ಟು ಸುತ್ತಳತೆ 215.9. ಅದನ್ನು 3.1416ರಿಂದ ಭಾಗಿಸಿದರೆ ವ್ಯಾಸ 68.72. ನೋಡಲು ಸರಿಯಾಗಿಯೇ ಇತ್ತು. ಸ್ಪ್ರಾಕೆಟ್ ಮಾಡಿ ಹೊಸ ಚೈನು ಸುತ್ತಿದರೆ ಮೊದಲ ಮೂರು ನಾಲ್ಕು ರೋಲರ್ ಚೆನ್ನಾಗಿ ಕೂತವು, ಆಮೇಲಿನವು ಸ್ವಲ್ಪ ಸ್ವಲ್ಪವೇ ಹಲ್ಲಿನ ಮೇಲಕ್ಕೆ ಏರತೊಡಗಿದವು.

ತಪ್ಪಿದ್ದದ್ದು ಇಲ್ಲಿ: ಚೈನು ಹಗ್ಗದ ಹಾಗೆ ಗುಂಡಗೆ ಬಾಗುವುದಿಲ್ಲ. ಕೊಂಡಿಗಳು ನೇರ ಪಟ್ಟಿಗಳು, ಬಾಗುವುದು ಪಿನ್ನಿನ ಹತ್ತಿರ ಮಾತ್ರ. ಆದ್ದರಿಂದ ಸ್ಪ್ರಾಕೆಟ್ ಮೇಲೆ ಚೈನು ವೃತ್ತವಾಗದೆ ಹದಿನೇಳು ಬದಿಯ ಬಹುಭುಜವಾಗುತ್ತದೆ. ಪಿನ್ನುಗಳು ವೃತ್ತದ ಮೇಲಿರುತ್ತವೆ, ಪಿಚ್ ಮಾತ್ರ ಆ ವೃತ್ತದೊಳಗೆ ನೇರವಾಗಿ ಹಾಯುವ ಗೆರೆ. ನೇರ ಗೆರೆಗಿಂತ ಬಾಗಿದ ದಾರಿ ಯಾವಾಗಲೂ ಉದ್ದ. ಹಾಗಾಗಿ ವೃತ್ತದ ಸುತ್ತಳತೆ 215.9ಕ್ಕಿಂತ ಹೆಚ್ಚೇ ಇರಬೇಕು.

ಕೇಂದ್ರದಿಂದ ಅಕ್ಕಪಕ್ಕದ ಎರಡು ಪಿನ್ನಿಗೆ ಎರಡು ಗೆರೆ ಎಳೆಯಿರಿ. ಅವುಗಳ ನಡುವಿನ ಕೋನ 360 ಭಾಗಿಸು 17. ಆ ತ್ರಿಕೋನವನ್ನು ನಡುವೆ ಸೀಳಿದರೆ ಕೋನ 180/17, ಅಂದರೆ 10.588 ಡಿಗ್ರಿ, ಅದರ ಎದುರಿನ ಬದಿ ಅರ್ಧ ಪಿಚ್, ಕರ್ಣ ತ್ರಿಜ್ಯ. ಅರ್ಧ ಪಿಚ್ಚನ್ನು ತ್ರಿಜ್ಯದಿಂದ ಭಾಗಿಸಿದರೆ ಸೈನ್. ಎರಡನ್ನೂ ದುಪ್ಪಟ್ಟು ಮಾಡಿದರೆ ಸೂತ್ರ ತಾನಾಗಿಯೇ ಬರುತ್ತದೆ. P ಎಂದರೆ ಪಿಚ್, N ಎಂದರೆ ಹಲ್ಲಿನ ಸಂಖ್ಯೆ:

```
PD = P / sin(180/N)
   = 12.7 / sin(10.588)
   = 12.7 / 0.18375
   = 69.12 mm
```

ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಈ ಲೆಕ್ಕಕ್ಕೆ ಉತ್ತರ ಋಣ ಸಂಖ್ಯೆಯಾಗಿ ಬರುತ್ತದೆ, ಅಲ್ಲಿಗೇ ತಪ್ಪು ಗೊತ್ತಾಗುತ್ತದೆ.

ನನ್ನ ಹಳೆಯ ಲೆಕ್ಕಕ್ಕೂ ಇದಕ್ಕೂ ಅಂತರ 0.4 ಮಿಮೀ. ಇಷ್ಟಕ್ಕೆ ಏನಾಗುತ್ತದೆ ಅನ್ನಿಸಬಹುದು. 68.72ರ ವೃತ್ತದ ಮೇಲೆ 17 ಭಾಗ ಮಾಡಿದರೆ ಸಂದಿನಿಂದ ಸಂದಿಗೆ ದೂರ 12.63 ಆಗುತ್ತದೆ. ಪ್ರತಿ ಹಲ್ಲಿಗೆ 0.07 ಕಡಿಮೆ, ಅರ್ಧ ಸುತ್ತಿನ ಎಂಟು ಹಲ್ಲಿಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಚೈನು ಆ ಸ್ಪ್ರಾಕೆಟ್ ಪಾಲಿಗೆ ಮೊದಲ ದಿನವೇ ಶೇಕಡಾ 0.57 ಹಿಗ್ಗಿದ ಚೈನು. ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ, ಅವು ಬೇಗ ಕೊಕ್ಕೆಯಾಗುತ್ತವೆ.

ಹಲ್ಲು ಕಡಿಮೆಯಾದಷ್ಟೂ ಈ ತಪ್ಪು ದೊಡ್ಡದು. ಒಂಬತ್ತು ಹಲ್ಲಿಗೆ ಶೇಕಡಾ 2ರಷ್ಟು ತಪ್ಪುತ್ತದೆ. 45 ಹಲ್ಲಿಗೆ ಶೇಕಡಾ 0.1 ಕೂಡ ಇಲ್ಲ. ದೊಡ್ಡ ಸ್ಪ್ರಾಕೆಟ್‌ಗಳನ್ನೇ ಮಾಡಿ ರೂಢಿಯಾದವರಿಗೆ ಈ ತಪ್ಪು ವರ್ಷಗಟ್ಟಲೆ ಗೊತ್ತಾಗದಿರುವುದು ಅದಕ್ಕೇ.

ಹೊರ ವ್ಯಾಸ

ಇಲ್ಲಿ ಕೆಲಸಕ್ಕೆ ಬರುವ ಸೂತ್ರ ಇದು:

```
OD = P × (0.6 + cot(180/N))
```

ಕ್ಯಾಲ್ಕುಲೇಟರಿನಲ್ಲಿ `cot` ಗುಂಡಿ ಇರುವುದಿಲ್ಲ. `tan` ಒತ್ತಿ, ಬಂದ ಉತ್ತರದಿಂದ 1ನ್ನು ಭಾಗಿಸಿ. 10.588 ಡಿಗ್ರಿಯ ಟ್ಯಾನ್ 0.18693, ಅದರ ವಿಲೋಮ 5.3495. ಅದಕ್ಕೆ 0.6 ಕೂಡಿಸಿದರೆ 5.9495, 12.7ರಿಂದ ಗುಣಿಸಿದರೆ 75.56 ಮಿಮೀ.

ಆ 0.6 ಎಲ್ಲಿಂದ ಬಂತು? ಪಿಚ್ಚನ್ನು `cot`ನಿಂದ ಗುಣಿಸಿದರೆ ಸಿಗುವುದು ಬಹುಭುಜದ ಬದಿಗಳ ನಡುಭಾಗವನ್ನು ಒಳಗಿನಿಂದ ಮುಟ್ಟುವ ವೃತ್ತದ ವ್ಯಾಸ. ಹಲ್ಲು ನಿಂತಿರುವುದೂ ಎರಡು ಪಿನ್ನಿನ ನಡುವೆ, ಅಂದರೆ ಬದಿಯ ನಡುಭಾಗದಲ್ಲೇ. ಅಲ್ಲಿಂದ ಅದು 0.3 ಪಿಚ್ ಮೇಲಕ್ಕೇಳಲಿ ಎಂಬ ಲೆಕ್ಕ. ಎರಡೂ ಕಡೆ ಸೇರಿ 0.6. ನಮ್ಮ ಚೈನಿಗೆ ಇದು 3.81 ಮಿಮೀ. ಹೊಸ ಚೈನನ್ನು ಸುತ್ತಿ ಪಕ್ಕದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಪಕ್ಕಪಕ್ಕದ ಎರಡು ಪಿನ್ನಿನ ನಡುವನ್ನು ಸೇರಿಸುವ ಗೆರೆಯ ಮೇಲೆ ಹಲ್ಲಿನ ತುದಿ ನಾಲ್ಕು ಮಿಲಿಮೀಟರಿಗೆ ತುಸು ಕಡಿಮೆ ಎತ್ತರದಲ್ಲಿರಬೇಕು.

ಹೊರ ವ್ಯಾಸದಲ್ಲಿ ಒಂದಿಷ್ಟು ಹೆಚ್ಚುಕಡಿಮೆಗೆ ಜಾಗವಿದೆ. ಐಎಸ್‌ಒ 606 ಮಾನಕದ ಪ್ರಕಾರ ಇದೇ ಸ್ಪ್ರಾಕೆಟ್‌ಗೆ 72.1ರಿಂದ 76.5ರವರೆಗೆ ಯಾವುದಾದರೂ ನಡೆಯುತ್ತದೆ, ನಮ್ಮ 75.56 ಅದರೊಳಗೇ ಇದೆ. ಹಾಗಾಗಿ ಅಂಗಡಿಯಲ್ಲಿ ಕೊಂಡ ಸ್ಪ್ರಾಕೆಟ್ 74 ಇದ್ದರೆ ತಪ್ಪು ಮಾಲು ಎಂದು ವಾಪಸು ಮಾಡಬೇಕಿಲ್ಲ. ಸಂದಿನ ತಳದ ವ್ಯಾಸಕ್ಕೆ ಮಾತ್ರ ಇಂಥ ರಿಯಾಯಿತಿ ಇಲ್ಲ. ಅದು ಪಿಚ್ ವ್ಯಾಸದಲ್ಲಿ ರೋಲರ್ ವ್ಯಾಸ ಕಳೆದಷ್ಟು, ಅಂದರೆ 69.12ರಲ್ಲಿ 8.51 ಕಳೆದು 60.61. ಇದಕ್ಕಿಂತ ಹೆಚ್ಚಾಗಬಾರದು, ಕಾಲು ಮಿಲಿಮೀಟರಿನಷ್ಟು ಕಡಿಮೆಯಾಗಬಹುದು. 08A ಎಂಬ ಗುರುತಿನ ಚೈನಾದರೆ ಪಿಚ್ ಅದೇ, ಎರಡು ವ್ಯಾಸಗಳೂ ಅವೇ, ಆದರೆ ರೋಲರ್ 7.92. ಪಿಚ್ ಒಂದೇ ಎಂದುಕೊಂಡು ಒಂದರ ಸ್ಪ್ರಾಕೆಟ್ಟನ್ನು ಇನ್ನೊಂದಕ್ಕೆ ಹಾಕುವ ಮೊದಲು ಇದನ್ನು ನೆನಪಿಡಿ.

ತಗಡಿಗೆ ಇಳಿಸುವಾಗ

ಹಾಬ್ ಇಲ್ಲದ ಸಣ್ಣ ಅಂಗಡಿಯಲ್ಲಿ ಪಿಚ್ ವೃತ್ತದ ಮೇಲೆ 17 ತೂತು ಕೊರೆದು, ಆಮೇಲೆ ಹೊರಭಾಗವನ್ನು ಲೇತ್‌ನಲ್ಲಿ ಇಳಿಸುವುದು ವಾಡಿಕೆ. ಡ್ರಿಲ್ 8.6 ಇರಲಿ, ರೋಲರಿಗೆ ಕೂದಲೆಳೆಯಷ್ಟು ಜಾಗ ಬೇಕು. ಬ್ಲಾಂಕನ್ನು ಮೊದಲೇ 75.56ಕ್ಕೆ ತಿರುಗಿಸಿಬಿಟ್ಟರೆ ಕೆಲಸ ಕೆಡುತ್ತದೆ. ತೂತಿನ ಹೊರ ಅಂಚು 77.7ರ ವೃತ್ತದವರೆಗೆ ಹೋಗುವುದರಿಂದ ಡ್ರಿಲ್ ಅಂಚಿನಿಂದ ಹೊರಕ್ಕೆ ಜಾರುತ್ತದೆ. 82 ಮಿಮೀ ಬ್ಲಾಂಕ್ ಹಿಡಿದು, ಬೋರನ್ನು ಮೊದಲು ಮುಗಿಸಿ, ಉಳಿದದ್ದನ್ನೆಲ್ಲ ಆ ಬೋರಿನ ಮೇಲೇ ಕೂರಿಸಿ ಮಾಡಿ. 40ಕ್ಕೆ ಒಂದರ ಡಿವೈಡಿಂಗ್ ಹೆಡ್ ಇದ್ದರೆ ಪ್ರತಿ ತೂತಿಗೆ ಎರಡು ಪೂರ್ತಿ ಸುತ್ತು, ಜೊತೆಗೆ 17 ತೂತಿನ ವೃತ್ತದಲ್ಲಿ 6 ತೂತು.

ಹೊರಭಾಗ ಇಳಿಸುವ ಮೊದಲೇ ಪಿಚ್ ವ್ಯಾಸವನ್ನು ಪರೀಕ್ಷಿಸಿಕೊಳ್ಳಿ, ಆಮೇಲೆ ತಿದ್ದಲು ಬರುವುದಿಲ್ಲ. 8.5 ಡ್ರಿಲ್‌ಗಳ ನಯವಾದ ಹಿಂಭಾಗವನ್ನು ಎರಡು ತೂತಿಗೆ ಹಾಕಿ: ಒಂದನೆಯದಕ್ಕೊಂದು, ಒಂಬತ್ತನೆಯದಕ್ಕೊಂದು. ಹದಿನೇಳು ಬೆಸ ಸಂಖ್ಯೆಯಾದ್ದರಿಂದ ಸರಿಯಾಗಿ ಎದುರುಬದುರು ತೂತುಗಳೇ ಇರುವುದಿಲ್ಲ. ಅವುಗಳ ನಡುವಿನ ಅಂತರ ಪಿಚ್ ವ್ಯಾಸವನ್ನು `cos(90/N)`ನಿಂದ ಗುಣಿಸಿದಷ್ಟು, 68.82. ಎರಡನ್ನೂ ಒಳಗೆ ಒತ್ತಿ ಹಿಡಿದು ಹೊರಗಿನಿಂದ ವರ್ನಿಯರ್ ಹಾಕಿದರೆ 77.2 ಬರಬೇಕು. 76.8 ಬಂದರೆ ಯಾರೋ 3.1416ರಿಂದ ಭಾಗಿಸಿದ್ದಾರೆ.

ಬೆಸ ಹಲ್ಲಿನ ಇದೇ ತೊಡಕು ಹೊರ ವ್ಯಾಸದಲ್ಲೂ ಇದೆ. ವರ್ನಿಯರಿನ ಒಂದು ದವಡೆ ಒಂದು ತುದಿಗೆ, ಇನ್ನೊಂದು ಎದುರಿನ ಎರಡು ತುದಿಗಳಿಗೆ ಅಡ್ಡವಾಗಿ ಕೂರುತ್ತದೆ. ಆಗ 75.56 ಇರುವ ಸ್ಪ್ರಾಕೆಟ್ 74.9 ತೋರಿಸುತ್ತದೆ. ಬೋರಿನ ಅಂಚಿನಿಂದ ಒಂದು ತುದಿಯವರೆಗೆ ಅಳೆದು, ಬೋರಿನ ಅರ್ಧ ಕೂಡಿಸಿ, ದುಪ್ಪಟ್ಟು ಮಾಡಿದರೆ ನಿಜವಾದ ಅಳತೆ ಸಿಗುತ್ತದೆ.

ಕೊನೆಗೆ ಹಲ್ಲಿನ ಕೆನ್ನೆಗಳನ್ನು ಅರದಿಂದ ಮೇಲಕ್ಕೆ ಕಿರಿದಾಗುವಂತೆ ಉಜ್ಜಬೇಕು, ಇಲ್ಲವಾದರೆ ತೂತಿನ ಬಾಯಿ ರೋಲರಿಗಿಂತ ಸಣ್ಣದಾಗಿ ಉಳಿದು ಚೈನು ಒಳಗೇ ಇಳಿಯುವುದಿಲ್ಲ. ತೂತಿನ ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಅರ ತಾಗಿಸಬೇಡಿ, ರೋಲರ್ ಕೂರುವುದು ಅಲ್ಲೇ. ಹೊಸ ಚೈನನ್ನು ಅರ್ಧ ಸುತ್ತು ಹಾಕಿ ಎರಡೂ ತುದಿ ಬಿಗಿಯಾಗಿ ಎಳೆದು, ನಡುವಿನ ಕೊಂಡಿಯನ್ನು ಹೊರಕ್ಕೆ ಎತ್ತಿ ನೋಡಿ. ತಳ ಬಿಟ್ಟು ಮೇಲೇಳದಿದ್ದರೆ ಯಂತ್ರಕ್ಕೆ ಹಾಕಬಹುದು.