ಮೊದಲು ಭುಜ, ಉಳಿದದ್ದು ಆಮೇಲೆ

ಇಂಟರ್‌ವ್ಯೂಗೆ ಸೂಟ್ ಹಾಕಿಕೊಂಡೇ ಬನ್ನಿ ಅಂತ ಕಂಪನಿಯವರು ಹೇಳಿರಲಿಲ್ಲ. ಆದರೆ ನಮ್ಮ ಎಂಬಿಎ ಕ್ಲಾಸಿನಲ್ಲಿ ಎಲ್ಲರೂ ಹೊಲಿಸುತ್ತಿದ್ದರು, ಇಲ್ಲವೇ ಕೊಳ್ಳುತ್ತಿದ್ದರು. ಹೊಲಿಸೋಕೆ ನನಗೆ ಟೈಮ್ ಇರಲಿಲ್ಲ. ಹಾಗಾಗಿ ಭಾವನ ಜೊತೆ ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋದೆ. ದುಡ್ಡು ಭಾವನದು, ಆದ್ದರಿಂದ ಅಭಿಪ್ರಾಯವೂ ಅವರದೇ ಜಾಸ್ತಿ.

ಅಂಗಡಿಯಲ್ಲಿ ಮೊದಲು ಕೊಟ್ಟಿದ್ದು ನೇವಿ ಬ್ಲೂ ಬಣ್ಣದ್ದು, 40 ಸೈಜ್. ನನ್ನ ಎದೆ 37 ಇಂಚು. 38 ಕೇಳಿದೆ. ಆ ಬಣ್ಣದಲ್ಲಿ 38 ಖಾಲಿ ಆಗಿತ್ತು. "ಹಾಕಿ ನೋಡಿ ಸಾರ್, ಆಲ್ಟರ್ ಮಾಡಿಸಿದ್ರೆ ಪಕ್ಕಾ ಕೂರತ್ತೆ" ಅಂದ ಸೇಲ್ಸ್ ಹುಡುಗ. ಹಾಕಿಕೊಂಡೆ. ಎಲ್ಲೂ ಬಿಗಿ ಇಲ್ಲ, ಕೈ ಆರಾಮಾಗಿ ಆಡುತ್ತದೆ. ಕನ್ನಡಿಯಲ್ಲಿ ಬಣ್ಣವೂ ಚೆನ್ನಾಗಿತ್ತು. "ಸ್ವಲ್ಪ ಲೂಸ್ ಇರ್ಲಿ ಕಣೋ, ನಾಳೆ ನಿನ್ನ ರಿಸೆಪ್ಷನ್‌ಗೂ ಆಗತ್ತೆ" ಅಂದರು ಭಾವ.

ಆಲ್ಟರೇಷನ್ ಅಳತೆಗೆ ಅಂತ ಮೇಲಿನ ಮಹಡಿಯಿಂದ ಮಾಸ್ಟರ್ ಇಳಿದು ಬಂದರು. ಕೊರಳಲ್ಲಿ ಟೇಪು, ಕೈಯಲ್ಲಿ ಸೀಮೆಸುಣ್ಣದ ಚೂರು. ಸೊಂಟ, ತೋಳು ಯಾವುದನ್ನೂ ನೋಡಲಿಲ್ಲ. ನನ್ನ ಹಿಂದೆ ನಿಂತು ಎರಡೂ ಭುಜದ ಮೇಲೆ ಹೆಬ್ಬೆರಳು ಒತ್ತಿದರು. ಮೂಳೆ ಮುಗಿಯುವ ಜಾಗ ಹುಡುಕಿ, ಅಲ್ಲಿಂದ ತೋಳಿನ ಹೊಲಿಗೆವರೆಗೆ ಬೆರಳು ಜಾರಿಸಿದರು. ಮಧ್ಯೆ ಅರ್ಧ ಇಂಚಿಗಿಂತ ಜಾಸ್ತಿ ಖಾಲಿ ಇತ್ತು.

"ಇದು ಬೇಡಪ್ಪ, ಬಿಚ್ಚು" ಅಂದರು.

ಸೇಲ್ಸ್ ಹುಡುಗನಿಗೆ ಅದು ಇಷ್ಟವಾಗಲಿಲ್ಲ. ಮಾಸ್ಟರ್ ಅವನತ್ತ ತಿರುಗಲೂ ಇಲ್ಲ. ನನ್ನನ್ನು ಗೋಡೆ ಪಕ್ಕ ನಿಲ್ಲಿಸಿ, "ಸೈಡಿಗೆ ವಾಲಿ ಗೋಡೆಗೆ ಒರಗು" ಅಂದರು. ಮೊದಲು ಗೋಡೆಗೆ ತಾಗಿದ್ದು ಕೋಟಿನ ಭುಜದ ಪ್ಯಾಡು. ನನ್ನ ತೋಳು ಇನ್ನೂ ಒಳಗೇ ಇತ್ತು. ಸರಿಯಾದ ಕೋಟಾದರೆ ತೋಳೂ ಪ್ಯಾಡೂ ಹೆಚ್ಚುಕಡಿಮೆ ಒಟ್ಟಿಗೆ ತಾಗಬೇಕಂತೆ. ಆಮೇಲೆ ಕನ್ನಡಿ ಕಡೆ ತಿರುಗಿಸಿ, ಭುಜದ ಹೊಲಿಗೆಗೆ ಸ್ವಲ್ಪ ಕೆಳಗೆ ತೋಳಿನ ಮೇಲೆ ಬಿದ್ದಿದ್ದ ಗುಳಿ ತೋರಿಸಿದರು. ನನ್ನ ಕಣ್ಣಿಗೆ ಅಷ್ಟೊತ್ತು ಬಿದ್ದೇ ಇರಲಿಲ್ಲ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲಿಲ್ಲ. ಒಳಗೆ ಆಸರೆ ಇಲ್ಲದ ಬಟ್ಟೆ ಪ್ಯಾಡಿನ ತುದಿಯಿಂದ ಕೆಳಗೆ ಕುಸಿಯುತ್ತದೆ, ಅದೇ ಆ ಗುಳಿ. ಭುಜ ಕಿರಿದಾದರೆ ಇದಕ್ಕೆ ಉಲ್ಟಾ. ತೋಳಿನ ಮೇಲ್ಭಾಗ ಹೊರಗೆ ಉಬ್ಬುತ್ತದೆ, ಹೊಲಿಗೆ ಮೂಳೆಗಿಂತ ಒಳಗೆ ನಿಲ್ಲುತ್ತದೆ, ಕೈ ಮುಂದಕ್ಕೆ ಚಾಚಿದರೆ ಬೆನ್ನು ಹಿಡಿಯುತ್ತದೆ.

"ಭುಜಾನೂ ಆಲ್ಟರ್ ಮಾಡಬಹುದಲ್ವಾ ಮಾಸ್ಟ್ರೇ?" ಅಂತ ಭಾವ ಕೇಳಿದರು. ನೇವಿ ಬ್ಲೂ ಬಿಡೋಕೆ ಅವರಿಗೆ ಮನಸ್ಸಿರಲಿಲ್ಲ.

ಮಾಸ್ಟರ್ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಬಿಚ್ಚಿಟ್ಟ ಒಂದು ಕೋಟು ತೋರಿಸಿದರು. ಶರ್ಟ್ ಆದರೆ ಭುಜ ಅಂದರೆ ಬರೀ ಒಂದು ಹೊಲಿಗೆ. ಕೋಟಿನಲ್ಲಿ ಹಾಗಲ್ಲ. ಒಳಗೆ ಅರ್ಧ ಇಡ್ಲಿಯಂಥ ಪ್ಯಾಡು, ಎದೆ ಮೇಲೆ ಅಂಟಿಸಿದ ಗಟ್ಟಿ ಬಟ್ಟೆ, ತೋಳಿನ ತಲೆ ದುಂಡಗೆ ನಿಲ್ಲಲಿ ಅಂತ ಒಳಗಿಟ್ಟ ಒಂದು ಮೆತ್ತನೆ ಪಟ್ಟಿ, ಇವೆಲ್ಲದರ ಕೆಳಗೆ ಲೈನಿಂಗ್. ಭುಜ ಕಿರಿದು ಮಾಡಬೇಕಾದರೆ ಲೈನಿಂಗ್ ಬಿಚ್ಚಿ, ಎರಡೂ ತೋಳು ಕಿತ್ತು, ಪ್ಯಾಡ್ ತೆಗೆದು, ಬಟ್ಟೆ ಕತ್ತರಿಸಬೇಕು. ಕತ್ತರಿಸಿದಾಗ ಆರ್ಮ್‌ಹೋಲಿನ ಆಕಾರವೇ ಬದಲಾಗುತ್ತದೆ. ಆದರೆ ತೋಳು ಹಳೇ ಆರ್ಮ್‌ಹೋಲಿಗೆ ಅಂತ ಕತ್ತರಿಸಿದ್ದು. ಹಾಗಾಗಿ ಅದನ್ನೂ ತಿದ್ದಬೇಕು. ಅಷ್ಟು ಮಾಡಿದ ಮೇಲೂ ತೋಳು ನೆಟ್ಟಗೆ ಇಳಿಬೀಳುತ್ತದೆ ಅನ್ನೋ ಗ್ಯಾರಂಟಿ ಇಲ್ಲ. "ಮಾಡೋರು ಇದ್ದಾರೆ. ರೆಡಿಮೇಡ್ ಕೋಟಿಗೆ ಅಷ್ಟು ಖರ್ಚು ಮಾಡೋ ಬದಲು ಬೇರೆ ಕೋಟು ತಗೋಬಹುದು" ಅಂದರು. ಭುಜ ಅಗಲ ಮಾಡೋದಂತೂ ದೂರದ ಮಾತು. ಹೊಲಿಗೆ ಒಳಗೆ ಅಷ್ಟು ಬಟ್ಟೆ ಬಿಟ್ಟಿರುವುದೇ ಇಲ್ಲ.

38ರಲ್ಲಿ ಇದ್ದದ್ದು ಕಡು ಬೂದು ಬಣ್ಣ. ಭಾವನಿಗೆ ಸಪ್ಪೆ ಅನ್ನಿಸಿತು. ಹಾಕಿಕೊಂಡ ತಕ್ಷಣ ನನಗೂ ಖುಷಿಯೇನೂ ಆಗಲಿಲ್ಲ, ನಿಜ ಹೇಳಬೇಕಂದ್ರೆ. ಸೊಂಟದ ಹತ್ತಿರ ಚೀಲದ ಹಾಗೆ ಜೋತು ಬಿದ್ದಿತ್ತು, ತೋಳು ಶರ್ಟಿನ ಕಫ್ ಪೂರ್ತಿ ಮುಚ್ಚಿತ್ತು. ಆದರೆ ಮಾಸ್ಟರ್ ಹೆಬ್ಬೆರಳು ಈ ಸಲ ಮೂಳೆ ತುದಿಯಲ್ಲೇ ಹೊಲಿಗೆಗೆ ಸಿಕ್ಕಿತು. ಗೋಡೆಗೆ ಒರಗಿದೆ, ತೋಳೂ ಜೊತೆಗೇ ತಾಗಿತು. ಕೋಟಿನ ಕಾಲರ್ ಶರ್ಟಿನ ಕಾಲರಿಗೆ ಅಂಟಿಕೊಂಡೇ ಇತ್ತು, ಮಧ್ಯೆ ಸಂದು ಇರಲಿಲ್ಲ. ಇದನ್ನು ನೋಡೋಕಾದರೂ ಟ್ರಯಲ್‌ಗೆ ಕಾಲರ್ ಇರುವ ಶರ್ಟ್ ಹಾಕಿಕೊಂಡೇ ಹೋಗಬೇಕು. ಟೀ ಶರ್ಟ್ ಮೇಲೆ ಗೊತ್ತಾಗಲ್ಲ.

ಒಂದು ತಕರಾರು ಮಾತ್ರ ಉಳಿಯಿತು. ಬೆನ್ನ ಮೇಲೆ, ಬಲಗಡೆ ಕಾಲರಿನ ಕೆಳಗೆ ಒಂದು ಓರೆ ಸುಕ್ಕು. ಕೋಟು ಬದಲಿಸಬೇಕೇನೋ ಅಂದುಕೊಂಡೆ. "ಇದು ಕೋಟಿಂದಲ್ಲ, ನಿನ್ನ ಬಲಭುಜ ಇಳಿದಿದೆ" ಅಂದರು ಮಾಸ್ಟರ್. ತುಂಬಾ ಜನರಿಗೆ ಒಂದು ಭುಜ ಸ್ವಲ್ಪ ಕೆಳಗೇ ಇರುತ್ತದಂತೆ. ಇದಕ್ಕೆ ಪರಿಹಾರ ಸುಲಭ. ಲೈನಿಂಗ್ ಸ್ವಲ್ಪವೇ ಬಿಚ್ಚಿ, ಆ ಕಡೆ ಒಂದು ತೆಳು ಪ್ಯಾಡ್ ಸೇರಿಸಿದರೆ ಸುಕ್ಕು ಮಾಯ. ಭುಜದ ಅಗಲ ಬೇರೆ, ಎತ್ತರ ಬೇರೆ ಅನ್ನೋದು ನನಗೆ ಆಗ ಗೊತ್ತಾಗಿದ್ದು. ಅಗಲ ತಪ್ಪಿದರೆ ಕೋಟು ಬಿಡಬೇಕು, ಎತ್ತರದ ಚೂರುಪಾರು ವ್ಯತ್ಯಾಸ ಪ್ಯಾಡಿನಲ್ಲೇ ಮುಗಿಯುತ್ತದೆ.

ಉಳಿದ ಕೆಲಸ ಬೇಗ ಆಯಿತು. ಪಕ್ಕದ ಹೊಲಿಗೆಗಳಲ್ಲಿ ಹಿಡಿದು ಸೊಂಟ ಒಟ್ಟು ಒಂದೂಕಾಲು ಇಂಚು ಕಡಿಮೆ ಮಾಡಿದರು. ಗುಂಡಿ ಹಾಕಿದಾಗ ಹೊಟ್ಟೆ ಮುಂದೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಬಿಟ್ಟರು. ಇನ್ನೂ ಬಿಗಿ ಮಾಡಿದ್ದರೆ ಗುಂಡಿಯಿಂದ ನಾಲ್ಕು ಕಡೆಗೂ ಸುಕ್ಕು ಎಳೆಯುತ್ತಿತ್ತು. ತೋಳು ಮುಕ್ಕಾಲು ಇಂಚು ಕಡಿಮೆಯಾಯಿತು, ಈಗ ಶರ್ಟಿನ ಕಫ್ ಅರ್ಧ ಇಂಚು ಕಾಣುತ್ತದೆ. ತೋಳಿನ ಗುಂಡಿಗಳು ಸುಮ್ನೆ ತೋರಿಕೆಗೆ ಹೊಲಿದಿದ್ದವು, ಕಾಜಾ ಕತ್ತರಿಸಿರಲಿಲ್ಲ, ಹಾಗಾಗಿ ಮಣಿಕಟ್ಟಿನ ಕಡೆಯಿಂದಲೇ ಕಡಿಮೆ ಮಾಡಬಹುದಿತ್ತು. ನಿಜವಾದ ಕಾಜಾ ಇದ್ದಿದ್ದರೆ ಮತ್ತೆ ಭುಜದ ಕಡೆಯಿಂದಲೇ ಬಿಚ್ಚಬೇಕಿತ್ತು! ಕೋಟಿನ ಉದ್ದ ಮುಟ್ಟಲಿಲ್ಲ. ಕೆಳಗೆ ಕತ್ತರಿಸಿದರೆ ಜೇಬು ಅಂಚಿಗೆ ತೀರಾ ಹತ್ತಿರ ಬಂದು ಕೆಟ್ಟದಾಗಿ ಕಾಣುತ್ತದೆ. ಹಿಂದಿನ ಸೀಳಿಗೆ ಹಾಕಿದ್ದ ಇಂಟು ಮಾರ್ಕಿನ ದಾರವನ್ನು ಮಾಸ್ಟರೇ ಕತ್ತರಿಸಿದರು. ಅದನ್ನು ಹಾಗೇ ಬಿಟ್ಟುಕೊಂಡು ಓಡಾಡುವವರು ಎಷ್ಟು ಜನ ಅಂತ ಈಗ ಎಲ್ಲಾ ಮದುವೆಯಲ್ಲೂ ಎಣಿಸುತ್ತೇನೆ.

ನನ್ನ ರೂಮ್‌ಮೇಟ್ ಜಿಮ್ ಹುಡುಗ. ಅವನ ಕಥೆ ಬೇರೆ. ಭುಜಕ್ಕೆ 42 ಬೇಕು, ಸೊಂಟ 32. ಸೆಟ್ ಆಗಿ ಬರುವ ಸೂಟಿನಲ್ಲಿ 42ರ ಕೋಟಿಗೆ ಸಾಮಾನ್ಯವಾಗಿ 36ರ ಪ್ಯಾಂಟ್ ಇರುತ್ತದೆ. ನಾಲ್ಕು ಇಂಚು ಹಿಡಿದರೆ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ತಾಗುತ್ತವೆ. ಅವನು ಕೋಟು, ಪ್ಯಾಂಟ್ ಬೇರೆ ಬೇರೆ ಸೈಜಿನಲ್ಲಿ ಕೊಡುವ ಅಂಗಡಿ ಹುಡುಕಿ, ಒಂದೇ ಬಟ್ಟೆಯದ್ದನ್ನು ತಗೊಂಡ. ಕೋಟಿನ ಸೊಂಟ ಹಿಡಿಸಿದ್ದು ಬಿಟ್ಟರೆ ಮತ್ತೇನೂ ಮಾಡಿಸಲಿಲ್ಲ.

ಇಂಟರ್‌ವ್ಯೂ ಬೆಂಗಳೂರಿನಲ್ಲಿತ್ತು. ಬಸ್ಸಿನಲ್ಲಿ ಕೋಟು ಹಾಕಿಕೊಂಡು ಕೂತರೆ ಬೆನ್ನು ಸುಕ್ಕಾಗುತ್ತದೆ, ಬ್ಯಾಗಿಗೆ ತುರುಕಿದರೆ ಪ್ಯಾಡ್ ಮಡಚುತ್ತದೆ. ಮಡಚುವ ವಿಧಾನವನ್ನೂ ಮಾಸ್ಟರೇ ತೋರಿಸಿದ್ದರು. ಒಂದು ಭುಜವನ್ನು ಪೂರ್ತಿ ಒಳಮಗ್ಗುಲು ಮಾಡಿ, ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಬೇಕು. ಆಗ ಪ್ಯಾಡುಗಳು ಒಂದರೊಳಗೊಂದು ಸೇರುತ್ತವೆ, ಲೈನಿಂಗ್ ಹೊರಗೆ ಬರುತ್ತದೆ, ಬಟ್ಟೆ ಒಳಗೆ ಉಳಿಯುತ್ತದೆ. ಹಾಗೆ ಮಡಚಿ ತೊಡೆ ಮೇಲಿಟ್ಟುಕೊಂಡು ಹೋದೆ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೊಡವಿ ಹಾಕಿಕೊಂಡೆ.