ಆನ್‌ಲೈನ್ ಗೆಳತಿ ಎದುರಿಗೆ ಬಂದಾಗ ಮೊದಲ ಹತ್ತು ನಿಮಿಷ

ಆನ್‌ಲೈನ್‌ನಲ್ಲಿ ಪರಿಚಯವಾದವರನ್ನು ಮೊದಲ ಸಲ ನೋಡುವಾಗ ಮುಜುಗರ ಶುರುವಾಗುವುದು ದೂರದಲ್ಲೇ. ಅವರು ನಮ್ಮ ಕಣ್ಣಿಗೆ ಬಿದ್ದಿರುತ್ತಾರೆ, ನಾವೂ ಅವರ ಕಣ್ಣಿಗೆ ಬಿದ್ದಿರುತ್ತೇವೆ. ಆದರೆ ಮಧ್ಯೆ ಇನ್ನೂ ಐವತ್ತು ಹೆಜ್ಜೆ ಇರುತ್ತದೆ. ಅಷ್ಟು ದೂರವೂ ನಗುತ್ತಲೇ ನಡೆಯಬೇಕಾ? ಈಗಲೇ ಕೈ ಬೀಸಬೇಕಾ? ಹತ್ತಿರ ಹೋದ ಮೇಲೆ ಕೈ ಕುಲುಕುವುದಾ, ಕೈ ಮುಗಿಯುವುದಾ, ತಬ್ಬಿಕೊಳ್ಳುವುದಾ? ಇಷ್ಟನ್ನೂ ನಡೆಯುತ್ತಾ ತೀರ್ಮಾನ ಮಾಡಲು ಹೋದರೆ ಮೈ ಬಿಗಿಯಾಗುತ್ತದೆ. ಹಾಗಾಗಿ ನಾನು ಇದನ್ನೆಲ್ಲ ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುತ್ತೇನೆ.

ಕೈತೋಟದ ಹುಚ್ಚಿನಿಂದ ನನಗೆ ಆನ್‌ಲೈನ್‌ನಲ್ಲಿ ಸಾಕಷ್ಟು ಗೆಳೆಯ ಗೆಳತಿಯರು ಸಿಕ್ಕಿದ್ದಾರೆ. ಅವರಲ್ಲಿ ಧಾರವಾಡದ ಗೆಳತಿಯೊಬ್ಬರನ್ನು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಭೇಟಿಯಾದದ್ದನ್ನೇ ಇಲ್ಲಿ ಹೇಳುತ್ತೇನೆ. ಅವರು ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಬದನೆ, ಹೀರೆ ಬೀಜಗಳನ್ನು ಅಂಚೆಯಲ್ಲಿ ಕಳಿಸಿ ಕಳಿಸಿ ನಮ್ಮ ಸ್ನೇಹ ಬೆಳೆದಿತ್ತು. ಮಗಳ ಮನೆಗೆ ಬಂದಿದ್ದರು, ಮಗಳೂ ಜೊತೆಗೆ ಬರುತ್ತೇನೆ ಅಂದಿದ್ದಳು. ಮೊದಲ ಭೇಟಿಗೆ ಯಾರಾದರೂ ಜೊತೆಗಿದ್ದರೆ ಒಳ್ಳೆಯದೇ. ನಾನೂ ಎಲ್ಲಿಗೆ, ಯಾರನ್ನು ನೋಡಲು ಹೋಗುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿಯೇ ಹೊರಡುತ್ತೇನೆ.

ಮೊದಲು ಜಾಗ. ಗಾಜಿನ ಮನೆ ಹತ್ತಿರ ಸಿಗೋಣ ಅಂತ ಅವರು ಬರೆದಿದ್ದರು. ಗುರುತಿಗೇನೋ ಒಳ್ಳೆಯ ಜಾಗ, ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಸುತ್ತ ಎಲ್ಲ ಬಯಲು, ಬರುವವರು ತುಂಬಾ ದೂರದಿಂದಲೇ ಕಾಣುತ್ತಾರೆ. ಬಂಡೆಯಂತೂ ಬೇಡವೇ ಬೇಡ. ಮೇಲೆ ಕೆಂಪೇಗೌಡ ಗೋಪುರದ ಹತ್ತಿರ ಒಬ್ಬರು ನಿಂತು, ಇನ್ನೊಬ್ಬರು ಏದುಸಿರು ಬಿಡುತ್ತಾ ಹತ್ತುವುದನ್ನು ನೋಡುತ್ತಿರಬೇಕಾಗುತ್ತದೆ. ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಬೇರೆ ತೊಂದರೆ. ರೈಲು ಬಂದಾಗ ಒಟ್ಟಿಗೇ ಜನ ನುಗ್ಗುತ್ತಾರೆ, ಮುಖ ಹುಡುಕುವುದೇ ಆಗುತ್ತದೆ. ಹಾಗಾಗಿ ಪಶ್ಚಿಮ ದ್ವಾರದ ಟಿಕೆಟ್ ಕೌಂಟರ್ ಪಕ್ಕ ಅಂತ ಗೊತ್ತು ಮಾಡಿದೆವು. ಅಲ್ಲಿ ಜನರ ನಡುವೆ ಹದಿನೈದು ಇಪ್ಪತ್ತು ಹೆಜ್ಜೆ ದೂರದಲ್ಲಷ್ಟೇ ಒಬ್ಬರಿಗೊಬ್ಬರು ಕಾಣುತ್ತೇವೆ. ಅಷ್ಟು ಸಾಕು.

ಹಿಂದಿನ ರಾತ್ರಿ ಎರಡು ಕೆಲಸ ಮಾಡಿದೆ. ಒಂದು, ಫೋನ್ ಮಾಡಿ ಐದು ನಿಮಿಷ ಮಾತಾಡಿದೆ. ಬರಹದಲ್ಲಿ ಎಷ್ಟೇ ಸಲಿಗೆ ಇರಲಿ, ದನಿ ಕೇಳಿರದಿದ್ದರೆ ಎದುರು ನಿಂತಾಗ ಅವರು ಹೊಸಬರೇ ಅನ್ನಿಸುತ್ತಾರೆ. ಅವರ ಧಾರವಾಡದ ಮಾತಿನ ಓಟ ಕಿವಿಗೆ ಬಿದ್ದದ್ದರಿಂದ ಮರುದಿನದ ಅರ್ಧ ಹೊಸತನ ಅಲ್ಲೇ ಕರಗಿತು. ಎರಡನೆಯದು, ಹೆಸರು. ಅಲ್ಲಿಯವರೆಗೆ ಅವರು ನನಗೆ ಪರದೆಯ ಮೇಲಿನ ಒಂದು ಹೂವಿನ ಹೆಸರು ಮಾತ್ರ. ನಾಲ್ಕು ಜನರ ಮುಂದೆ ಹಾಗೆ ಕೂಗಿ ಕರೆಯಲು ಆಗುತ್ತಾ? "ನಿಮ್ಮನ್ನ ಏನಂತ ಕರೀಲಿ?" ಅಂತ ಕೇಳಿಯೇ ಬಿಟ್ಟೆ. "ಅಕ್ಕ ಅನ್ರಿ, ಸಾಕು" ಅಂದರು. ಜೊತೆಗೇ ನಾನು, "ನಾಳೆ ಸಿಕ್ಕ ತಕ್ಷಣ ನಿಮ್ಮ ಕೈ ಹಿಡ್ಕೋತೀನಿ ನೋಡಿ" ಅಂದೆ. ನಗುತ್ತಾ ಅಂದ ಮಾತಾದರೂ ಬೇಕಂತಲೇ ಅಂದದ್ದು. ತಬ್ಬಿಕೊಳ್ಳಬೇಕೇನೋ ಅಂತ ಅವರು ಯೋಚಿಸುತ್ತಾ ಕೂರುವುದು ತಪ್ಪಿತು.

ಹೊಸಬರನ್ನು ನಾನಾಗಿಯೇ ತಬ್ಬಿಕೊಳ್ಳುವುದಿಲ್ಲ. ಅವರು ಕೈ ಚಾಚಿ ಬಂದರೆ ಸಂತೋಷವಾಗಿ ತಬ್ಬಿಕೊಳ್ಳುತ್ತೇನೆ. ಗಂಡಸರಾದರೆ ನಾಲ್ಕು ಹೆಜ್ಜೆ ದೂರದಲ್ಲೇ ಕೈ ಮುಗಿಯುತ್ತೇನೆ. ಹತ್ತಿರ ಬರುವ ಮುಂಚೆಯೇ ಕೈ ಜೋಡಿಸಿದರೆ ಅವರೂ ಕೈ ಮುಗಿಯುತ್ತಾರೆ. ಒಬ್ಬರು ಕೈ ಚಾಚಿ, ಇನ್ನೊಬ್ಬರು ಮುಗಿದು, ಇಬ್ಬರೂ ಬದಲಾಯಿಸಿ ತಡಬಡಾಯಿಸುವ ಪ್ರಸಂಗ ಬರುವುದಿಲ್ಲ. ಯಾರು ಮೊದಲು, ಎಷ್ಟು ದೂರದಲ್ಲಿ ಶುರು ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ.

ಇನ್ನು ಆ ಇಪ್ಪತ್ತು ಹೆಜ್ಜೆ. ಆಡಮ್ ಕೆಂಡನ್ ಮತ್ತು ಆಂಡ್ರ್ಯೂ ಫರ್ಬರ್ ಎಂಬ ಸಂಶೋಧಕರು ಜನ ಒಬ್ಬರನ್ನೊಬ್ಬರು ಎದುರುಗೊಳ್ಳುವುದನ್ನು ಚಿತ್ರೀಕರಿಸಿ ನೋಡಿ, 1973ರಲ್ಲಿ ಅದರ ಬಗ್ಗೆ ಬರೆದರು. ಅವರು ಕಂಡದ್ದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ದೂರದಲ್ಲಿ ಒಮ್ಮೆ ಕೈ ಬೀಸುವುದೋ ತಲೆ ಆಡಿಸುವುದೋ ಆಗುತ್ತದೆ. ನಡೆದು ಬರುವಾಗ ಸಾಮಾನ್ಯವಾಗಿ ಜನ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ತೀರಾ ಹತ್ತಿರ ಬಂದಾಗ ಮತ್ತೆ ಮುಖ ನೋಡಿ ನಗುತ್ತಾರೆ. ಅಂದರೆ ಮಧ್ಯದಲ್ಲಿ ಬೇರೆಲ್ಲೋ ನೋಡಿದರೆ ಅದು ಅಸಡ್ಡೆ ಅಲ್ಲ, ಎಲ್ಲರೂ ಮಾಡುವುದೇ. ಅಕ್ಕ ಕಂಡ ಕೂಡಲೇ ನಾನು ಕೈ ಎತ್ತಿದೆ, ಅವರೂ ಎತ್ತಿದರು. ಆಮೇಲೆ ಅವರು ಸೆರಗು ಸರಿ ಮಾಡಿಕೊಳ್ಳುತ್ತಾ ನೆಲ ನೋಡಿಕೊಂಡು ಬಂದರು. ನಾನು ಬ್ಯಾಗನ್ನು ಬಲಗೈಯಿಂದ ಎಡ ಹೆಗಲಿಗೆ ಹಾಕಿಕೊಂಡೆ, ಕೈ ಹಿಡಿಯಲು ಬಲಗೈ ಖಾಲಿ ಇರಬೇಕಲ್ಲ. ಮೂರು ಹೆಜ್ಜೆ ಉಳಿದಾಗ ಇಬ್ಬರೂ ತಲೆ ಎತ್ತಿ ನಕ್ಕೆವು. "ಅಕ್ಕಾ!" ಅಂದೆ, ಕೈ ಹಿಡಿದೆ. "ಅರಾಮಿದ್ದೀರೇನ್ರಿ?" ಅಂದರು. ಕೈ ಹಿಡಿದುಕೊಂಡೇ ಮಗಳ ಕಡೆ ತಿರುಗಿ ಅವಳ ಹೆಸರು ಹಿಡಿದು ಮಾತಾಡಿಸಿದೆ. ಜೊತೆಗೆ ಬಂದವರನ್ನು ಮೊದಲ ನಿಮಿಷದಲ್ಲೇ ಮಾತಾಡಿಸದಿದ್ದರೆ ಅವರು ಕೊನೆಯವರೆಗೂ ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾರೆ.

ನಾನು ಎಂದೂ ಆಡದ ಮಾತೊಂದಿದೆ: "ಫೋಟೋದಲ್ಲಿ ಬೇರೆ ಥರ ಕಾಣ್ತೀರಿ." ಫೋಟೋದಿಂದ ಎತ್ತರ ತಿಳಿಯುವುದಿಲ್ಲ, ನಡಿಗೆಯೂ ತಿಳಿಯುವುದಿಲ್ಲ. ಯಾರಾದರೂ ಸ್ವಲ್ಪ ಬೇರೆಯಾಗಿಯೇ ಕಾಣುತ್ತಾರೆ. ಆ ಅಚ್ಚರಿಯನ್ನು ಬಾಯಿಬಿಟ್ಟು ಹೇಳಿದರೆ ಎದುರಿನವರು ಆಮೇಲೆ ಮಾತು ಬಿಟ್ಟು ತಮ್ಮ ಮೈಯನ್ನೇ ಗಮನಿಸಿಕೊಳ್ಳುತ್ತಾರೆ. ಅದರ ಬದಲು ದಾರಿಯ ವಿಷಯ, ತಿಂಡಿಯ ವಿಷಯ ತೆಗೆಯುತ್ತೇನೆ. "ತಿಂಡಿ ಆಯ್ತಾ? ಟ್ರಾಫಿಕ್ ಜಾಸ್ತಿ ಇತ್ತಾ?" ಇಂಥ ಪ್ರಶ್ನೆಗೆ ಯಾರೂ ಯೋಚಿಸಿ ಉತ್ತರ ಕೊಡಬೇಕಾಗಿಲ್ಲ. ಅಷ್ಟರಲ್ಲಿ ಇಬ್ಬರಿಗೂ ಇನ್ನೊಬ್ಬರ ದನಿ, ಮುಖ ಒಗ್ಗುತ್ತದೆ.

ಅದಾದ ಮೇಲೆ ನಿಂತಲ್ಲೇ ನಿಲ್ಲಬಾರದು. ಟಿಕೆಟ್ ತೆಗೆದುಕೊಂಡು ಕೆರೆಯ ಕಡೆ ನಡೆಯಲು ಶುರು ಮಾಡಿದೆವು. ಎದುರುಬದುರು ಕೂತರೆ ಮಾತು ನಿಂತ ಪ್ರತಿ ಕ್ಷಣವೂ ಕಾಣುತ್ತದೆ. ಪಕ್ಕಪಕ್ಕ ನಡೆಯುವಾಗ ಹಾಗಲ್ಲ, ಸುಮ್ಮನಿದ್ದರೂ ಏನೋ ನೋಡುತ್ತಿದ್ದಾರೆ ಅಂತ ಆಗುತ್ತದೆ. ಬರೆಯುವಾಗ ಅಕ್ಕ ಉದ್ದುದ್ದ ಬರೆಯುತ್ತಿದ್ದರು, ಎದುರಿಗೆ ಮಾತು ಕಡಿಮೆ. ಇದು ಬಹಳ ಜನರಲ್ಲಿ ಕಾಣುತ್ತದೆ, ಬೇಜಾರಾಗಿದ್ದಾರೆ ಅಂದುಕೊಳ್ಳಬೇಕಿಲ್ಲ. ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ಸತತವಾಗಿ ಎರಡು ಪ್ರಶ್ನೆಗೆ ಚುಟುಕು ಉತ್ತರ ಬಂದು, ತಿರುಗಿ ಪ್ರಶ್ನೆ ಬರದಿದ್ದರೆ ಮೂರನೆಯದನ್ನು ಕೇಳುವುದಿಲ್ಲ. ನನ್ನದೇ ಸಣ್ಣ ವಿಷಯ ಏನಾದರೂ ಹೇಳುತ್ತೇನೆ, ಇಲ್ಲವೇ ಎದುರಿಗಿರುವುದನ್ನು ತೋರಿಸುತ್ತೇನೆ. ಅವತ್ತು ದೊಡ್ಡ ಬಿಳಿ ಬೂರುಗದ ಮರದ ಹತ್ತಿರ ಬಂದಾಗ ಗೋಡೆಯ ಹಾಗೆ ಎದ್ದ ಅದರ ಬೇರಿನ ಬುಡ ತೋರಿಸಿದೆ. ಅಕ್ಕ ಬಗ್ಗಿ ತೊಗಟೆ ಮುಟ್ಟಿ ನೋಡಿದರು. ತಮ್ಮ ಹಿತ್ತಲಿನ ನುಗ್ಗೆ ಮರಕ್ಕೆ ಕಂಬಳಿಹುಳ ಬಿದ್ದ ಕಥೆ ತೆಗೆದರು. ಆಮೇಲೆ ನಾನು ಬರೀ ಕೇಳಿಸಿಕೊಂಡೆ.

ಇಷ್ಟೆಲ್ಲ ಮಾಡಿದರೂ ಕೆಲವರ ಜೊತೆ ಬಿಗುವು ಸಡಿಲುವುದಿಲ್ಲ. ಅದಕ್ಕೇ ಮೊದಲ ಭೇಟಿಗೆ ಒಂದೂವರೆ ಗಂಟೆ ಅಂತ ಮುಂಚೆಯೇ ಹೇಳಿರುತ್ತೇನೆ. ಚೆನ್ನಾಗಿ ಕೂಡಿ ಬಂದರೆ ಇಬ್ಬರೂ ಒಪ್ಪಿ ಕಾಫಿಗೆ ಹೋಗಬಹುದು. ಇಲ್ಲವೆಂದರೆ ಯಾರೂ ನೆಪ ಹುಡುಕಬೇಕಾಗಿಲ್ಲ. ಎದುರಿಗೆ ಮಾತು ಹೊಂದದ ಒಬ್ಬರ ಜೊತೆ ನನ್ನ ಬರಹದ ಸ್ನೇಹ ಈಗಲೂ ಮೊದಲಿನಂತೆಯೇ ಇದೆ. ನಾವಿಬ್ಬರೂ ಮತ್ತೆ ಭೇಟಿಯ ಮಾತೆತ್ತಿಲ್ಲ, ಬೀಜ ಮಾತ್ರ ಕಳಿಸುತ್ತಿರುತ್ತೇವೆ.